ದಿನಕ್ಕೆ ಒಂದೇ ಗಂಟೆ ಕೈಲಾಗುವವರಿಗೆ ಎಂಥ ಕೆಲಸ?

"ದೊಡ್ಡ ಕಾಯಿಲೆಯಿಂದ ಎದ್ದು ಐದು ತಿಂಗಳಾಯಿತು. ಒಂದು ಗಂಟೆ ಕೂತರೆ ಮೈ ಸೋಲುತ್ತದೆ, ಒಳ್ಳೆಯ ದಿನವಾದರೆ ಎರಡು ಗಂಟೆ. ಟೈಪಿಂಗ್ ಚೆನ್ನಾಗಿ ಬರುತ್ತದೆ. ಇಷ್ಟರಲ್ಲಿ ಏನಾದರೂ ಸಂಪಾದಿಸಬಹುದೇ?"

ಸಂದರ್ಶನ, ಉಪನ್ಯಾಸಗಳ ಆಡಿಯೊ ಕೇಳಿ ಟೈಪ್ ಮಾಡಿಕೊಡುವ ಕೆಲಸ ನಿಮಗೆ ಹೊಂದುತ್ತದೆ. ಇದರಲ್ಲಿ ಸಾಮಾನ್ಯವಾಗಿ ದುಡ್ಡು ಆಡಿಯೊದ ನಿಮಿಷದ ಲೆಕ್ಕದಲ್ಲಿ ಸಿಗುತ್ತದೆ. ನೀವು ಬೆಳಿಗ್ಗೆ ಕೂತಿರೋ ರಾತ್ರಿಯೋ ಎಂದು ಯಾರೂ ಕೇಳುವುದಿಲ್ಲ. ಆನ್‌ಲೈನ್ ಪಾಠವೂ ಒಂದೇ ಗಂಟೆಯದು, ನಿಜ. ಆದರೆ ಆ ಗಂಟೆಗೆ ಸರಿಯಾಗಿ ನಿಮ್ಮ ಮೈ ಸಿದ್ಧವಿರಬೇಕು. ಸದ್ಯಕ್ಕೆ ಅದು ಬೇಡ.

ಕೆಲಸ ಒಪ್ಪುವ ಮೊದಲು ಲೆಕ್ಕ ಹಾಕಿ. ಹೊಸಬರಿಗೆ ಒಂದು ನಿಮಿಷದ ಆಡಿಯೊಗೆ ಸುಮಾರು ಆರು ನಿಮಿಷ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಇಬ್ಬರೇ ಮಾತಾಡಿರುವ 40 ನಿಮಿಷದ ಸಂದರ್ಶನಕ್ಕೆ 240 ನಿಮಿಷ, ಮತ್ತೆ ಕೇಳಿ ತಿದ್ದಲು 60, ಒಟ್ಟು 300. ನಿಮ್ಮ ಒಂದು ಗಂಟೆಯಲ್ಲಿ 45 ನಿಮಿಷ ಮಾತ್ರ ಕೆಲಸಕ್ಕಿಡಿ, ಹದಿನೈದರ ಮೂರು ಕಂತು, ನಡುವೆ ವಿಶ್ರಾಂತಿ. ಅಲ್ಲಿಗೆ ಏಳು ದಿನ. ಮೂರು ದಿನಕ್ಕೊಂದು ದಿನ ಏಳಲಾಗದೆ ಹೋದರೆ ಹತ್ತು. ಕೆಲಸ ಕೊಟ್ಟವರಿಗೆ ಹದಿನಾಲ್ಕು ದಿನ ಹೇಳಿ. ಒಪ್ಪದಿದ್ದರೆ ಆ ಕೆಲಸ ನಿಮ್ಮದಲ್ಲ.

ದರವನ್ನೂ ಹೀಗೇ ಅಳೆಯಿರಿ: ಬರುವ ಒಟ್ಟು ಹಣವನ್ನು ಐದು ಗಂಟೆಯಿಂದ ಭಾಗಿಸಿದಾಗ ಸಿಗುವುದೇ ನಿಮ್ಮ ನಿಜವಾದ ಗಂಟೆಯ ಕೂಲಿ. ನಿಮಿಷಕ್ಕಿಷ್ಟು ಎಂದು ಕೇಳಿ ಹಿಗ್ಗಿದವರು ಎಡವುವುದು ಇಲ್ಲೇ.

ಒಪ್ಪುವ ಮುಂಚೆ ಮೊದಲ, ನಡುವಿನ, ಕೊನೆಯ ಎರಡೆರಡು ನಿಮಿಷ ಕೇಳಿ. ಮಾತಿನ ಮೇಲೆ ಮಾತು ಬೀಳುತ್ತಿದ್ದರೆ, ಮೈಕ್ ದೂರವಿದ್ದರೆ ಹಿಡಿಯುವ ಸಮಯ ಸುಲಭವಾಗಿ ಇಮ್ಮಡಿಯಾಗುತ್ತದೆ. ಅಂಥದ್ದನ್ನು ಬಿಡಿ. ಪ್ಲೇಯರ್‌ನ ವೇಗ ಮುಕ್ಕಾಲಿಗೆ ಇಳಿಸಿ. ನಿಲ್ಲಿಸುವ, ಐದು ಸೆಕೆಂಡು ಹಿಂದೆ ಹೋಗುವ ಕೀಲಿಗಳನ್ನು ರೂಢಿ ಮಾಡಿಕೊಳ್ಳಿ, ಮೌಸ್‌ಗೆ ಕೈ ಹೋದಷ್ಟೂ ಭುಜ ನೋಯುತ್ತದೆ. ಕೇಳಿಸದ ಮಾತನ್ನು ಊಹಿಸಬೇಡಿ, ಸಮಯ ಗುರುತಿಸಿ ಮುಂದೆ ಹೋಗಿ. ತಿದ್ದುವುದು ಮಾತ್ರ ಮರುದಿನವೇ ಆಗಲಿ. ದಣಿದ ಕಿವಿ ತನ್ನ ತಪ್ಪನ್ನೇ ಮತ್ತೆ ಸರಿಯೆಂದು ಕೇಳುತ್ತದೆ.

ಸುಸ್ತು ಅದೇ ದಿನ ಬರಬೇಕೆಂದಿಲ್ಲ, ಕೆಲವು ಕಾಯಿಲೆಗಳಲ್ಲಿ ಮರುದಿನವೋ ಮೂರನೆಯ ದಿನವೋ ಹೊಡೆಯುತ್ತದೆ. ದಿನವೂ ಎರಡು ಅಂಕಿ ಬರೆದಿಡಿ: ಕೂತ ನಿಮಿಷ, ಮರುದಿನದ ಆಯಾಸಕ್ಕೆ ಹತ್ತರಲ್ಲಿ ಎಷ್ಟು. ಎರಡನೆಯದು ಏರುತ್ತಿದ್ದರೆ ಒಂದು ಕಂತು ಕಡಿಮೆ ಮಾಡಿ, ವೈದ್ಯರಿಗೂ ತೋರಿಸಿ. ಒಳ್ಳೆಯ ದಿನ ಬಂತೆಂದು ಕಂತು ಹೆಚ್ಚಿಸಬೇಡಿ.

ನೋಂದಣಿಗೆಂದು ಮುಂಗಡ ಹಣ ಕೇಳುವ ಟೈಪಿಂಗ್ ಕೆಲಸಗಳು ಮೋಸ ಎಂದೇ ತಿಳಿಯಿರಿ. ಅನಾರೋಗ್ಯದ ರಜೆಯ ಸಂಬಳವೋ ವಿಮೆಯ ಹಣವೋ ಬರುತ್ತಿದ್ದರೆ, ಬೇರೆ ಆದಾಯದಿಂದ ಅದು ನಿಲ್ಲುತ್ತದೆಯೇ ಎಂದು ಮೊದಲ ಫೈಲು ಒಪ್ಪುವ ಮುನ್ನವೇ ಲಿಖಿತವಾಗಿ ಕೇಳಿಕೊಳ್ಳಿ.