ಹತ್ತರಲ್ಲಿ ಏಳು ಗೆದ್ದರೂ ಗಂಟು ಕರಗುವುದೇಕೆ?

ಪ್ರಶ್ನೆ: ಬೆಂಗಳೂರಲ್ಲಿ ಕೆಲಸ, ಎರಡು ಲಕ್ಷ ಇಟ್ಕೊಂಡು ಷೇರು ಮಾಡ್ತಿದೀನಿ. ಈ ವರ್ಷ ತಲಾ 25,000ದ ಹಾಗೆ ಹತ್ತು ಷೇರು ತಗೊಂಡೆ. ಏಳನ್ನ ಸುಮಾರು 4% ಲಾಭಕ್ಕೆ ಮಾರಿದೆ. ಉಳಿದ ಮೂರು 15% ಇಳಿದು ಕೂತಿವೆ, ಮಾರೋಕೆ ಮನಸ್ಸೇ ಬರಲ್ಲ. ಏನ್ ಮಾಡ್ಲಿ?

ಮೊದಲು ಲೆಕ್ಕ ನೋಡಿ. ಏಳು ಲಾಭದಿಂದ ಬಂದದ್ದು 7,000. ಮೂರು ಷೇರುಗಳಲ್ಲಿ ಕರಗಿರುವುದು 11,250. ಅಂದರೆ 4,250 ರೂಪಾಯಿ ಕೈ ಬಿಟ್ಟಿದೆ. 4% ಗೆಲ್ಲುತ್ತ 15% ಸೋಲುವವರು ಅಸಲು ಉಳಿಸಿಕೊಳ್ಳಬೇಕಾದರೂ ನೂರರಲ್ಲಿ 79 ಸಲ ಗೆಲ್ಲಬೇಕು. ನಿಮ್ಮ ತೊಂದರೆ ಷೇರು ಆರಿಸುವುದರಲ್ಲಿಲ್ಲ, ಮಾರುವುದರಲ್ಲಿದೆ.

ಇದು ನಿಮ್ಮೊಬ್ಬರ ಚಾಳಿ ಅಲ್ಲ. ಹಣಕಾಸು ಸಂಶೋಧಕ ಟೆರೆನ್ಸ್ ಓಡಿಯನ್ ಅಮೆರಿಕದ ಒಂದು ಬ್ರೋಕರ್‌ನ 10,000 ಖಾತೆಗಳನ್ನು ಜಾಲಾಡಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಜನ ಏರಿದ್ದನ್ನು ಮಾರಿ ಇಳಿದದ್ದನ್ನು ಇಟ್ಟುಕೊಂಡಿದ್ದರು. ಮಾರಿದ ಷೇರುಗಳು ಮುಂದಿನ ಒಂದು ವರ್ಷದಲ್ಲಿ, ಇಟ್ಟುಕೊಂಡವಕ್ಕಿಂತ ಸರಾಸರಿ 3.4 ಪರ್ಸೆಂಟೇಜ್ ಪಾಯಿಂಟ್ ಹೆಚ್ಚು ಗಳಿಸಿದವು. ಮನಶ್ಶಾಸ್ತ್ರಜ್ಞರಾದ ಕಾನೆಮನ್ ಮತ್ತು ಟ್ವರ್‌ಸ್ಕಿ ಲೆಕ್ಕದಲ್ಲಿ ಸಾವಿರ ಕಳೆದುಕೊಂಡ ನೋವು, ಸಾವಿರ ಗಳಿಸಿದ ಖುಷಿಗಿಂತ ಸುಮಾರು ಎರಡು ಪಟ್ಟು. ಮಾರದಿದ್ದರೆ ನಷ್ಟ ಇನ್ನೂ ಆಗಿಲ್ಲ ಎಂದು ಮನಸ್ಸು ನಟಿಸುತ್ತದೆ. ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಮುಕ್ಕಾಲು ಗಂಟೆ ಕಾದವರು, ಈಗ ಹೊರಟರೆ ಕಾದದ್ದೆಲ್ಲ ದಂಡ ಅಂತ ಅಲ್ಲೇ ನಿಲ್ಲುತ್ತಾರಲ್ಲ, ಅದೇ ಲಹರಿ.

ಮನಸ್ಸನ್ನು ತಿದ್ದಲು ಹೋಗಬೇಡಿ, ಮಾರುವ ನಿರ್ಧಾರವನ್ನು ಕೊಳ್ಳುವ ದಿನವೇ ಮಾಡಿ ಮುಗಿಸಿ. ಒಂದು ಕಂಪನಿಯ ಷೇರಿನಲ್ಲಿ ಬಂಡವಾಳದ 1%, ನಿಮಗೆ 2,000 ರೂಪಾಯಿ, ಹೋದರೆ ಹೋಗಲಿ ಎಂದಿಟ್ಟುಕೊಳ್ಳಿ. 400 ರೂಪಾಯಿಯ ಷೇರಿಗೆ 8% ಕೆಳಗೆ, 368ಕ್ಕೆ, ಸ್ಟಾಪ್ ಲಾಸ್, ಅಂದರೆ ಅಲ್ಲಿಗೆ ಇಳಿದರೆ ಮಾರಿ ಹೊರಬರುವ ಬೆಲೆ. ಒಂದು ಷೇರಿಗೆ 32 ರೂಪಾಯಿ ರಿಸ್ಕ್. 2,000 ಭಾಗಿಸು 32, ಅಂದರೆ 62 ಷೇರು, 24,800 ರೂಪಾಯಿ. ತಪ್ಪಿದರೆ ಹೋಗುವುದು 1,984, ಜೊತೆಗೆ ಚಾರ್ಜು.

ಲಾಭಕ್ಕೆ ಟಾರ್ಗೆಟ್ ಬೇಡ. ಅದೇ ಸ್ಟಾಪ್ ಮೇಲೆ ಬರಲಿ: ಕೊಂಡ ಮೇಲೆ ಕಂಡ ಅತಿ ಹೆಚ್ಚಿನ ಮುಕ್ತಾಯ ಬೆಲೆಗೆ 8% ಕೆಳಗೆ. ಶನಿವಾರಕ್ಕೊಮ್ಮೆ ನೋಡಿ ಏರಿಸಿದರೆ ಸಾಕು, ಇಳಿಸುವುದು ಮಾತ್ರ ಎಂದಿಗೂ ಇಲ್ಲ. ಷೇರು 520ಕ್ಕೆ ಹೋದರೆ ಸ್ಟಾಪ್ 478. ಅಲ್ಲಿ ಮಾರಾದರೂ 4,836 ಲಾಭ, ಅಂದರೆ ಎರಡು ಸೋಲು ತೀರಿ ಇನ್ನೂ ಮಿಗುತ್ತದೆ. ಹಳೆಯಂತೆ 4% ಲಾಭಕ್ಕೆ, 416ಕ್ಕೇ ಮಾರಿದ್ದರೆ ಸಿಗುತ್ತಿದ್ದದ್ದು 992. ಆದರೆ 416 ಮುಟ್ಟಿ ಮತ್ತೆ 382ಕ್ಕೆ ಬಿದ್ದು ನಷ್ಟದಲ್ಲಿ ಹೊರಬೀಳುವ ಷೇರುಗಳೂ ಬೇಕಾದಷ್ಟು ಸಿಗುತ್ತವೆ. ಈ ನಿಯಮದಲ್ಲಿ ಗೆಲುವಿನ ಸಂಖ್ಯೆ ಹತ್ತಕ್ಕೆ ನಾಲ್ಕಕ್ಕೆ ಇಳಿದರೂ ಗಾಬರಿ ಬೇಡ. ತೀರಾ ತಡೆಯಲಾಗದಿದ್ದರೆ ಮೂರನೇ ಒಂದು ಭಾಗ ಮಾರಿ ಉಳಿದದ್ದನ್ನು ಓಡಲು ಬಿಡಿ. ಲೆಕ್ಕಕ್ಕೆ ಅದು ಅಷ್ಟು ಒಳ್ಳೆಯದಲ್ಲ, ನಿದ್ದೆಗೆ ಒಳ್ಳೆಯದು.

ಸ್ಟಾಪ್ ತಲೆಯಲ್ಲಿದ್ದರೆ ಇಲ್ಲದಂತೆಯೇ. ಕೊಂಡ ದಿನವೇ ಆ್ಯಪ್‌ನಲ್ಲಿ ಜಿಟಿಟಿ ಆರ್ಡರ್ ಹಾಕಿ, ಹೇಳಿದ ಬೆಲೆ ಮುಟ್ಟಿದಾಗ ಮಾರುವ ಆರ್ಡರನ್ನು ಅದೇ ಕಳಿಸುತ್ತದೆ. ಇದರಲ್ಲಿ ಕೈ ಕೊಡುವುದು ಎರಡು ಕಡೆ. ಆರ್ಡರ್ ಚಾಲೂ ಆಗುವ ಬೆಲೆ, ಅಂದರೆ ಟ್ರಿಗರ್, 368 ಇಟ್ಟು, ಅದಕ್ಕಿಂತ ಕೆಳಗೆ ಮಾರಬೇಡ ಎನ್ನುವ ಲಿಮಿಟ್ ಬೆಲೆಯೂ 368 ಎಂದರೆ ಬೆಲೆ ದಡದಡ ಇಳಿಯುವಾಗ ಆರ್ಡರ್ ಮಾರಾಗದೆ ನಿಲ್ಲುತ್ತದೆ, ಹಾಗಾಗಿ ಲಿಮಿಟ್ 362ರ ಆಸುಪಾಸಿಗೆ ಇಡಿ. ಕಂಪನಿಯ ಫಲಿತಾಂಶ ಕೆಟ್ಟು ಬೆಳಿಗ್ಗೆ ನೇರ 350ಕ್ಕೇ ತೆರೆದರೆ ಅದೂ ಮಾರಾಗುವುದಿಲ್ಲ. ಆಗ ಕೈಯಾರೆ ಅಂದೇ ಮಾರಬೇಕು, 368ಕ್ಕೆ ಬರಲಿ ಎಂದು ಕಾಯುವುದೇ ಹಳೆಯ ರೋಗ. ಇನ್ನೊಂದು, ಮಾರಿದ ಷೇರನ್ನು ಬ್ರೋಕರ್ ತಾನೇ ಖಾತೆಯಿಂದ ತೆಗೆಯಲು ಅನುಮತಿಸುವ ಡಿಡಿಪಿಐ ಪತ್ರ ಕೊಟ್ಟಿಲ್ಲದಿದ್ದರೆ ಟಿಪಿನ್ ಎಂಬ ಗುಪ್ತ ಸಂಖ್ಯೆ ಹಾಕಿ ಒಪ್ಪಿಗೆ ಕೊಡದೆ ಡಿಮ್ಯಾಟ್‌ನಲ್ಲಿರುವ ಷೇರು ಮಾರಲಾಗದು. ಟ್ರಿಗರ್ ಆದರೂ ಆರ್ಡರ್ ತಿರಸ್ಕಾರವಾಗುತ್ತದೆ.

ಈಗ ಕೂತಿರುವ ಮೂರಕ್ಕೆ ಬರೋಣ. ಕೊಂಡ ಬೆಲೆ ಮುಚ್ಚಿಟ್ಟು, ಕೈಯಲ್ಲಿ ನಗದಿದ್ದರೆ ಇಂದಿನ ಬೆಲೆಗೆ ಇದನ್ನು ಕೊಳ್ಳುತ್ತೇನಾ ಎಂದು ಒಂದೊಂದಕ್ಕೂ ಕೇಳಿಕೊಳ್ಳಿ. ಇಲ್ಲ ಎಂದಾದರೆ ಮಾರಿ. ಹೌದು ಎಂದಾದರೆ ಇಂದಿನ ಬೆಲೆಯಿಂದ 8% ಕೆಳಗೆ ಹೊಸ ಸ್ಟಾಪ್ ಹಾಕಿ. ಬಿದ್ದ ಬೆಲೆಗೆ ಇನ್ನಷ್ಟು ಕೊಂಡು ಆವರೇಜ್ ಮಾಡಲು ಮಾತ್ರ ಹೋಗಬೇಡಿ. ಅದರಿಂದ ಕಡಿಮೆಯಾಗುವುದು ಪರದೆಯ ಮೇಲಿನ ಶೇಕಡಾ, ಹೆಚ್ಚುವುದು ಬಿದ್ದ ಷೇರಿನಲ್ಲಿ ಸಿಕ್ಕಿಬಿದ್ದ ದುಡ್ಡು. ತಿಂಗಳು ತಿಂಗಳು ಇಂಡೆಕ್ಸ್ ಫಂಡಿಗೆ ಎಸ್‌ಐಪಿ ಕಟ್ಟುವುದು ಬೇರೆ ವಿಷಯ, ಅಲ್ಲಿ ಈ ಸ್ಟಾಪ್ ನಿಯಮ ಬೇಕಿಲ್ಲ.

ಮಾರುವುದಾದರೆ ಮಾರ್ಚ್ 31ರೊಳಗೆ ಮಾರಿ. ವರ್ಷದೊಳಗೆ ಕೊಂಡು ಮಾರಿದ ಲಾಭಕ್ಕೆ 20% ತೆರಿಗೆ ಇದೆ. ಮೂರನ್ನೂ ಮಾರಿದರೆ ನಿಮ್ಮ 7,000 ಲಾಭಕ್ಕೆ ಈ ನಷ್ಟ ವಜಾ ಆಗುತ್ತದೆ. ಮಿಕ್ಕ 4,250ನ್ನು, ರಿಟರ್ನ್ ಗಡುವಿನೊಳಗೆ ಸಲ್ಲಿಸಿದ್ದರೆ, ಮುಂದಿನ 8 ವರ್ಷದವರೆಗೆ ಷೇರಿನ ಲಾಭಕ್ಕೆ ಹೊಂದಿಸಿಕೊಳ್ಳಬಹುದು.