ಬೋರ್ಡಿಗೆ ತಿರುಗುವ ಆ ಗಳಿಗೆ

ಪ್ರಶ್ನೆ: ಮೇಡಂ, ನಾನು ಶಿವಮೊಗ್ಗದಲ್ಲಿ ಬಿ.ಎಡ್. ಓದುತ್ತಿದ್ದೇನೆ. ಇನ್ನು ಹತ್ತು ದಿನಕ್ಕೆ ತೀರ್ಥಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಬೋಧನಾಭ್ಯಾಸ ಶುರುವಾಗುತ್ತದೆ. ಮೊದಲ ಪಾಠ ಶರಾವತಿ ನದಿಯದು. ಪಾಠಯೋಜನೆ ಬರೆದಾಗಿದೆ. ಆದರೆ ನನ್ನ ದನಿ ಸಣ್ಣದು, ಬೋರ್ಡಿನ ಮೇಲೆ ಬರೆದರೆ ಸಾಲು ಸೊಟ್ಟ ಹೋಗುತ್ತದೆ, ಕೈ ಎಲ್ಲಿಡಬೇಕೋ ಗೊತ್ತಾಗಲ್ಲ. ಇದನ್ನೆಲ್ಲ ಮೊದಲೇ ಅಭ್ಯಾಸ ಮಾಡಿಕೊಳ್ಳಬಹುದಾ?

ಉತ್ತರ: ಖಂಡಿತ ಮಾಡಿಕೊಳ್ಳಬಹುದು. ಆದರೆ ದನಿಗೆ ಒಂದು ದಿನ, ಕೈಗೆ ಒಂದು ದಿನ, ಬೋರ್ಡಿಗೆ ಒಂದು ದಿನ ಅಂತ ಬೇರೆ ಬೇರೆ ಮಾಡಬೇಡಿ. ಮೂರೂ ಒಟ್ಟಿಗೆ ಕೆಡುವ ಒಂದು ಗಳಿಗೆ ಇದೆ. ಮಕ್ಕಳ ಕಡೆಯಿಂದ ಬೋರ್ಡಿನ ಕಡೆಗೆ ತಿರುಗುತ್ತೀರಲ್ಲ, ಆ ಗಳಿಗೆ. ಬೆನ್ನು ತಿರುಗುತ್ತದೆ, ಮಾತು ಗೋಡೆಗೆ ಹೋಗುತ್ತದೆ, ಬರೆದದ್ದನ್ನು ಮೈಯೇ ಮುಚ್ಚುತ್ತದೆ. ಹತ್ತು ದಿನದಲ್ಲಿ ಅದೊಂದನ್ನು ಸರಿ ಮಾಡಿಕೊಂಡರೂ ಮೊದಲ ವಾರ ಹಗುರವಾಗುತ್ತದೆ.

ಕಳೆದ ಮಳೆಗಾಲದಲ್ಲಿ ನಾನು ಇದೇ ಶರಾವತಿ ಪಾಠವನ್ನು ಹೊಸನಗರ ತಾಲ್ಲೂಕಿನ ಒಂದು ಶಾಲೆಯ ಕೊನೆಯ ಬೆಂಚಿನಲ್ಲಿ ಕೂತು ನೋಡಿದ್ದೆ. ಮೇಲೆ ತಗಡಿನ ಶೀಟು, ಹೊರಗೆ ಜಡಿಮಳೆ. ಪಾಠ ಮಾಡುತ್ತಿದ್ದ ಹುಡುಗ ಬರೆಯುತ್ತಲೇ ಹೇಳಿದ, “ಶರಾವತಿ ತುಂಗೆಯ ಹಾಗೆ ಪೂರ್ವಕ್ಕೆ ಹರಿಯುವುದಿಲ್ಲ.” ನನಗೆ ಕೇಳಿಸಿದ್ದು “ಪೂರ್ವಕ್ಕೆ ಹರಿಯು…” ಅಷ್ಟೇ. ಪಕ್ಕದಲ್ಲಿದ್ದ ಹುಡುಗಿಯ ನೋಟ್ಸು ನೋಡಿದೆ. “ಪೂರ್ವಕ್ಕೆ ಹರಿಯುತ್ತದೆ” ಅಂತ ಬರೆದುಕೊಂಡಿದ್ದಳು. ಅವಳದೇನೂ ತಪ್ಪಿಲ್ಲ.

ಕನ್ನಡದಲ್ಲಿ ಇದು ದೊಡ್ಡ ತೊಂದರೆ. ನಮ್ಮ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಹೌದೋ ಅಲ್ಲವೋ, ಆಯಿತೋ ಇಲ್ಲವೋ, ಎಲ್ಲ ತಿಳಿಯುವುದು ಅಲ್ಲೇ. ಉಸಿರು ಮುಗಿಯುವುದೂ ಅಲ್ಲೇ. ಹಾಗಾಗಿ “ದನಿ ಸಣ್ಣದು” ಅನ್ನುವವರಲ್ಲಿ ಎಷ್ಟೋ ಜನರ ದನಿ ಸಣ್ಣದಿರುವುದಿಲ್ಲ, ವಾಕ್ಯದ ಬಾಲ ಕಳೆದುಹೋಗುತ್ತಿರುತ್ತದೆ. ನಿಮ್ಮದು ಯಾವುದು ಅಂತ ಹೀಗೆ ನೋಡಿಕೊಳ್ಳಿ. ಪಾಠದಿಂದ ಹತ್ತು ವಾಕ್ಯ ಆರಿಸಿ. ಕೆಲವು “-ತ್ತದೆ” ಅಂತ ಮುಗಿಯಲಿ, ಕೆಲವು “-ವುದಿಲ್ಲ” ಅಂತ ಮುಗಿಯಲಿ. ಗೆಳತಿಯನ್ನು ಇಪ್ಪತ್ತೈದು ಮೂವತ್ತು ಅಡಿ ದೂರ, ಅಂಗಳದ ಆ ತುದಿಗೆ ನಿಲ್ಲಿಸಿ. ನೀವು ಹೇಳಿ, ಅವಳು ಪ್ರತಿ ವಾಕ್ಯದ ಕೊನೆಯ ಪದವನ್ನು ಮಾತ್ರ ಬರೆದುಕೊಳ್ಳಲಿ. ಆಮೇಲೆ ಹೋಲಿಸಿ. ಎರಡು ಮೂರು ತಪ್ಪಿದರೆ ಇನ್ನೂ ಜೋರಾಗಿ ಕೂಗಬೇಡಿ. ವಾಕ್ಯವನ್ನು ಚಿಕ್ಕದು ಮಾಡಿ, ಶುರು ಮಾಡುವ ಮೊದಲು ಉಸಿರು ತೆಗೆದುಕೊಳ್ಳಿ. ಅಂಗೈ ಹೊಟ್ಟೆಯ ಮೇಲಿಡಿ. ಉಸಿರು ಎಳೆದಾಗ ಕೈ ಮುಂದೆ ಬರಬೇಕು, ಹೆಗಲು ಮೇಲೇಳಬಾರದು. ಹೆಗಲೆತ್ತಿ ಎಳೆದ ಉಸಿರು ಬೇಗ ಮುಗಿಯುತ್ತದೆ, ಗಂಟಲೂ ಬಿಗಿಯುತ್ತದೆ.

ಮಳೆ ಜೋರಾದಾಗ ಅದರ ಜೊತೆ ಪೈಪೋಟಿಗೆ ಇಳಿಯಬೇಡಿ. ಕೂಗಿದರೆ ದನಿ ಕೀರಲಾಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಒಡೆಯುತ್ತದೆ. ಆ ಐದು ನಿಮಿಷ ಬೋರ್ಡಿನ ಕೆಲಸಕ್ಕೆ ಇಟ್ಟುಕೊಳ್ಳಿ. ನೀವು ಬರೆಯಿರಿ, ಮಕ್ಕಳೂ ಬರೆದುಕೊಳ್ಳಲಿ. ಗಂಟಲು ಕಟ್ಟಿ ಮೂರು ವಾರವಾದರೂ ಸರಿಹೋಗದಿದ್ದರೆ ಮನೆಮದ್ದಿಗೆ ಬಿಡಬೇಡಿ, ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಿ.

ಈಗ ಆ ತಿರುಗುವ ಗಳಿಗೆಗೆ ಬರೋಣ. ಬರೆಯುವಾಗ ಮಾತಿಲ್ಲ, ಮಾತಾಡುವಾಗ ಬರಹವಿಲ್ಲ, ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಶರಾವತಿ ಹುಟ್ಟುವ ಜಾಗ “ಅಂಬುತೀರ್ಥ” ಅಂತ ಹೇಳಬೇಕಾ? ಮೊದಲು ಮಕ್ಕಳನ್ನು ನೋಡಿ ಹೇಳಿ. ತಿರುಗಿ, ಸುಮ್ನೆ ಬರೆಯಿರಿ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಮಕ್ಕಳ ಕಡೆ ಮುಖ ಮಾಡಿ. ಕೈಯಿಂದ ಪದ ತೋರಿಸಿ ಇನ್ನೊಮ್ಮೆ ಹೇಳಿ. ನಡುವಿನ ಮೌನ ನಿಮಗೆ ತುಂಬಾ ಉದ್ದ ಅನಿಸುತ್ತದೆ. ಮಕ್ಕಳಿಗೆ ಹಾಗನಿಸುವುದಿಲ್ಲ, ಅವರು ನಿಮ್ಮ ಕೈ ನೋಡುತ್ತಿರುತ್ತಾರೆ. ಕೈ ಎಲ್ಲಿಡಬೇಕು ಅನ್ನುವ ನಿಮ್ಮ ಪ್ರಶ್ನೆಗೂ ಇಲ್ಲೇ ಅರ್ಧ ಉತ್ತರ ಸಿಕ್ಕಿತು ಅಲ್ವಾ? ಕೈಗೆ ಕೆಲಸ ಇದೆ. ಕೆಲಸ ಇಲ್ಲದಾಗ ಸೊಂಟದ ಮಟ್ಟದಲ್ಲಿ ಸಡಿಲವಾಗಿರಲಿ, ಸೀಮೆಸುಣ್ಣವನ್ನು ಮಾತ್ರ ಕೆಳಗಿಟ್ಟುಬಿಡಿ. ಕೈಯಲ್ಲಿದ್ದರೆ ಬೆರಳು ಅದನ್ನು ತಿರುಗಿಸುತ್ತಲೇ ಇರುತ್ತದೆ, ಮಕ್ಕಳ ಕಣ್ಣು ಅದರ ಹಿಂದೆ ಹೋಗುತ್ತದೆ.

ಸಾಲು ಸೊಟ್ಟ ಹೋಗುವುದು ಕಾಲಿನಿಂದ. ಕಾಲು ಊರಿ ನಿಂತು ಕೈಯನ್ನಷ್ಟೇ ಚಾಚಿದರೆ ಅಕ್ಷರ ಕಮಾನಿನ ಹಾಗೆ ಬಾಗುತ್ತದೆ. ಒಂದೆರಡು ಪದ ಬರೆದು ಒಂದು ಹೆಜ್ಜೆ ಬಲಕ್ಕೆ ಹೋಗಿ. ಸಾಲು ಮುಗಿಯಬೇಕಾದ ಕಡೆ, ಅದೇ ಎತ್ತರಕ್ಕೆ, ಮೊದಲೇ ಒಂದು ಸಣ್ಣ ಚುಕ್ಕೆ ಇಟ್ಟಿದ್ದರೆ ಇನ್ನೂ ಒಳ್ಳೆಯದು. ಸೀಮೆಸುಣ್ಣವನ್ನು ಪೆನ್ನಿನಂತೆ ಹಿಡಿಯಬೇಡಿ. ಅಂಗೈ ಅಡಿಯಲ್ಲಿರಲಿ, ಓರೆಯಾಗಿ ಒತ್ತಿ. ಕಿರ್‍ ಅಂದರೆ ಅರ್ಧಕ್ಕೆ ಮುರಿಯಿರಿ. ಸಾಲುಗಳ ನಡುವೆ ಜಾಸ್ತಿ ಜಾಗ ಬಿಡಿ, ಏಕೆಂದರೆ ನಮ್ಮ ಒತ್ತಕ್ಷರ ಕೆಳಗಿಳಿಯುತ್ತದೆ. “ಲಿಂಗನಮಕ್ಕಿ”ಯ ಕ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗಿದರೆ ಕೊನೆಯ ಬೆಂಚಿನಿಂದ ಎರಡೂ ಓದಲಾಗುವುದಿಲ್ಲ.

ನಿಮ್ಮ ಪಾಠದ ಬೋರ್ಡನ್ನೇ ನೋಡೋಣ. ಎಡಗಡೆ ಮುಕ್ಕಾಲು ಪಾಲು ನಕ್ಷೆಗೆ, ಬಲಗಡೆ ಕಾಲು ಪಾಲು ಪದಗಳಿಗೆ. ಉತ್ತರ ಮೇಲಿರಲಿ, ಎಡ ಅಂಚಿನಲ್ಲಿ ಕಡಲಿನ ಗೆರೆ. ಅಂಬುತೀರ್ಥ ನಕ್ಷೆಯ ಬಲಗಡೆ ಕೆಳಗೆ ಬರುತ್ತದೆ. ಅಲ್ಲಿಂದ ಎಡಕ್ಕೆ ಮೇಲಕ್ಕೆ ನದಿ ಎಳೆಯುತ್ತಾ ಹೋಗಿ. ಮೊದಲು ಲಿಂಗನಮಕ್ಕಿ ಅಣೆಕಟ್ಟು, 1964. ಆಮೇಲೆ ಜೋಗ, 253 ಮೀಟರ್. ಕೊನೆಗೆ ಹೊನ್ನಾವರದಲ್ಲಿ ಕಡಲು. ಇಲ್ಲೊಂದು ಅನುಕೂಲವಿದೆ. ಬಲಗೈಯಲ್ಲಿ ಎಡದಿಂದ ಬಲಕ್ಕೆ ಬರೆಯುವಾಗ ಆಗಷ್ಟೇ ಬರೆದದ್ದನ್ನು ನಮ್ಮ ಮೈ ಮುಚ್ಚುತ್ತದೆ. ಶರಾವತಿಯನ್ನು ಬಲದಿಂದ ಎಡಕ್ಕೆ ಎಳೆಯುವುದರಿಂದ, ನೀವು ಎಳೆದಷ್ಟು ನದಿ ಮಕ್ಕಳಿಗೆ ಕಾಣುತ್ತಲೇ ಇರುತ್ತದೆ. ಎಡಗೈಯವರಾದರೆ ಇದು ಉಲ್ಟಾ. ಆಗ ಊರಿಗೊಮ್ಮೆ ನಿಲ್ಲಿಸಿ ಪಕ್ಕಕ್ಕೆ ಸರಿಯಿರಿ. ಒಂದೊಂದು ಊರಿಗೂ ತಿರುಗು, ಬರೆ, ಸರಿ, ತೋರಿಸು. ಪೂರ್ವ ಪಶ್ಚಿಮದ ಮಾತು ಬೇಕಾದಾಗ ನದಿಯ ಮೇಲೆ ಕೈ ಎಳೆದು ತೋರಿಸಿ. ಕ್ರಿಯಾಪದ ಮಳೆಯಲ್ಲಿ ಹೋದರೂ ಕೈ ಹೇಳಿರುತ್ತದೆ.

ಅಭ್ಯಾಸಕ್ಕೆ ನಿಮಗೆ ಗೊತ್ತಿರುವ ಸೂಕ್ಷ್ಮಬೋಧನೆಯ 36 ನಿಮಿಷವೇ ಸಾಕು. ಪಾಠಕ್ಕೆ 6, ವಿಮರ್ಶೆಗೆ 6, ಮರುಯೋಜನೆಗೆ 12, ಮತ್ತೆ ಪಾಠಕ್ಕೆ 6, ಮತ್ತೆ ವಿಮರ್ಶೆಗೆ 6. ಕಾಲೇಜು ಬಿಟ್ಟ ಮೇಲೆ ಖಾಲಿ ಕ್ಲಾಸ್‌ರೂಮಿನಲ್ಲಿ ಮಾಡಿ. ಆರು ನಿಮಿಷದಲ್ಲಿ ಅಂಬುತೀರ್ಥದಿಂದ ಜೋಗದವರೆಗೆ ಬಂದರೆ ಸಾಕು. ಕೊನೆಯ ಬೆಂಚಿನಲ್ಲಿ ಮೊಬೈಲ್ ಇಟ್ಟು ವಿಡಿಯೋ ಮಾಡಿ. ಮೊದಲು ದನಿ ಮುಚ್ಚಿ ನೋಡಿ, ಬೆನ್ನು ತಿರುಗಿದಾಗಲೂ ಬಾಯಿ ಆಡುತ್ತಿತ್ತಾ ಅಂತ ಕೆನ್ನೆ ನೋಡಿದರೆ ಗೊತ್ತಾಗುತ್ತದೆ. ಆಮೇಲೆ ಪರದೆ ತಿರುಗಿಸಿಟ್ಟು ಕೇಳಿ ಮಾತ್ರ. ಗೆಳತಿಗೆ “ಹೇಗಿತ್ತು” ಅಂತ ಕೇಳಬೇಡಿ, ಚೆನ್ನಾಗಿತ್ತು ಅಂದುಬಿಡುತ್ತಾಳೆ. ಬೋರ್ಡಿಗೆ ಎಷ್ಟು ಸಲ ಮಾತಾಡಿದೆ ಅಂತ ಗೆರೆ ಹಾಕಲು ಹೇಳಿ. ಎರಡನೇ ಪಾಠದಲ್ಲಿ ಗೆರೆ ಕಡಿಮೆಯಾಯಿತಾ ನೋಡಿ. ಮೊದಲೆರಡು ದಿನ ಆಗದಿರಬಹುದು. ಹಳೆಯ ಅಭ್ಯಾಸ ಬಿಡಲು ಅಷ್ಟು ಹೊತ್ತು ಬೇಕು.

ಶಾಲೆಗೆ ಮೊದಲ ದಿನ ಅರ್ಧ ಗಂಟೆ ಬೇಗ ಹೋಗಿ. ಸೀಮೆಸುಣ್ಣಕ್ಕೆ ಶೀತ ಹಿಡಿದಿರುತ್ತದೆ, ಹಿಂದಿನ ರಾತ್ರಿ ಮನೆಯ ಒಲೆ ಹತ್ತಿರ ಒಣಗಿಸಿದ ನಾಲ್ಕು ತುಂಡು ಡಬ್ಬಿಯಲ್ಲಿ ಹಾಕಿಕೊಂಡಿರಿ. ಒದ್ದೆ ಬಟ್ಟೆಯಲ್ಲಿ ಬೋರ್ಡು ಒರೆಸಬೇಡಿ, ಮಳೆಗಾಲದಲ್ಲಿ ಅದು ಪಿರಿಯಡ್ ಮುಗಿದರೂ ಒಣಗುವುದಿಲ್ಲ. ಡಸ್ಟರನ್ನು ಮೇಲಿಂದ ಕೆಳಗೆ ಎಳೆಯಿರಿ. ಒಂದು ಪದ ಬರೆದು, ಕೊನೆಯ ಬೆಂಚಿನ ಎರಡೂ ತುದಿಯಲ್ಲಿ ಕೂತು ನೋಡಿ. ಕಿಟಕಿಯ ಬೆಳಕಿಗೆ ಬೋರ್ಡಿನ ಒಂದು ಭಾಗ ಹೊಳೆಯುತ್ತಿರುತ್ತದೆ. ಜೋಗವನ್ನು ಆ ಜಾಗದಲ್ಲಿ ಬರೆಯಬೇಡಿ.