ಬುಕ್ ಮಾಡಿ ಬಂದ ಮೇಲೆ ನಿದ್ದೆ ಕೆಟ್ಟಾಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಸಲಹೆ ಕೇಳಿ ನನ್ನ ಬಳಿ ಬಂದವರು 38 ವರ್ಷದ ಶಿಕ್ಷಕಿ. ಎಲೆಕ್ಟ್ರಿಕ್ ಸ್ಕೂಟರ್‌ಗೆ 5,000 ರೂಪಾಯಿ ಮುಂಗಡ ಕಟ್ಟಿದ್ದರು. ಗಾಡಿ ಸಿಗಲು ಮೂರು ವಾರ ಇತ್ತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಬ್ಯಾಟರಿ ಕೆಟ್ಟವರ ವಿಡಿಯೊ ಹುಡುಕಿ ಹುಡುಕಿ ನೋಡುತ್ತಿದ್ದರು. "ಪೆಟ್ರೋಲ್ ಗಾಡಿನೇ ತಗೋಬೇಕಿತ್ತು ಮೇಡಂ. ಕ್ಯಾನ್ಸಲ್ ಮಾಡಿಬಿಡ್ಲಾ?"

ಒಂದನ್ನು ಆರಿಸಿದ ಕೂಡಲೇ, ಬಿಟ್ಟದ್ದರ ಒಳ್ಳೆಯ ಗುಣಗಳು ಮತ್ತು ಕೊಂಡದ್ದರ ಕೊರತೆಗಳು ಒಟ್ಟಿಗೆ ಚುಚ್ಚತೊಡಗುತ್ತವೆ. ಇಂಥ ಒಳತಿಕ್ಕಾಟಕ್ಕೆ ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಜರ್ 1957ರಲ್ಲಿ ಕಾಗ್ನಿಟಿವ್ ಡಿಸೊನೆನ್ಸ್ ಎಂದು ಹೆಸರಿಟ್ಟರು. ಎರಡೂ ಹೆಚ್ಚು ಕಡಿಮೆ ಸಮ ಇದ್ದು, ದುಡ್ಡೂ ಜಾಸ್ತಿ ಆದರೆ ತಳಮಳವೂ ಜೋರು. ಅದು ಬಂತು ಎಂದ ಮಾತ್ರಕ್ಕೆ ಆಯ್ಕೆ ತಪ್ಪು ಎಂದಲ್ಲ.

ಬುಕ್ ಮಾಡಿದ ಮರುದಿನ ಶೋರೂಮಿನಿಂದ ಫೋನ್ ಬಂದಿತ್ತಂತೆ. ಸೀಟ್ ಕವರ್ ಬೇಕಾ, ಹೆಚ್ಚುವರಿ ವಾರಂಟಿ ಬೇಕಾ ಎಂದಷ್ಟೇ ಕೇಳಿದರು. "ವಾರಂಟಿ ಯಾಕೆ ಹೇಳ್ತಿದ್ದಾರೆ, ಗಾಡಿ ಕೆಡುತ್ತಾ?" ಎಂಬ ಹೊಸ ಅನುಮಾನ ಹುಟ್ಟಿತು.

ವಿಡಿಯೊ ನೋಡುವುದನ್ನು ಒಂದು ವಾರ ನಿಲ್ಲಿಸಿ, ಕಾಡುವುದನ್ನೆಲ್ಲ ಹಾಳೆಯಲ್ಲಿ ಬರೆದು ತನ್ನಿ ಎಂದೆ. ಏಳು ಸಾಲು ಬರೆದು ತಂದರು. ದಿನಕ್ಕೆ ಓಡಾಟ 24 ಕಿಲೋಮೀಟರ್ ಅಷ್ಟೇ. ದೂರದ ಊರಿಗೆ ಮನೆಯವರ ಬೈಕ್ ಇದೆ. ಹೀಗೆ ಒಂದೊಂದನ್ನೇ ಹೊಡೆದುಹಾಕುತ್ತಾ ಬಂದು ಕೊನೆಯ ಸಾಲಿನಲ್ಲಿ ಪೆನ್ನು ನಿಂತಿತು: ಬಾಡಿಗೆ ಮನೆ, ಎರಡನೇ ಮಹಡಿ, ಚಾರ್ಜ್ ಎಲ್ಲಿ? ಇದು ಸುಮ್ನೆ ಹುಟ್ಟಿದ ಭಯವಲ್ಲ, ನಿಜವಾದ ಪ್ರಶ್ನೆ. ಶೋರೂಮಿಗೆ ಇದೊಂದನ್ನೇ ಕೇಳಿ ಎಂದೆ.

ಈ ಸಲ ವಾಪಸ್ ಫೋನ್ ಮಾಡಿದ್ದು ಸರ್ವಿಸ್ ವಿಭಾಗದ ಹುಡುಗಿ. ಏನನ್ನೂ ಮಾರಲಿಲ್ಲ. ಪಾರ್ಕಿಂಗ್‌ನಲ್ಲಿ ಪ್ಲಗ್ ಪಾಯಿಂಟ್ ಹಾಕಿಸಿ ಸಬ್‌ಮೀಟರ್ ಇಟ್ಟರೆ ಮಾಲೀಕರ ಜೊತೆ ಲೆಕ್ಕ ಸುಲಭ ಎಂದಳು. "ಅವ್ರು ಒಪ್ಪದಿದ್ರೆ ಡೆಲಿವರಿಗೆ ಮುಂಚೆನೇ ಹೇಳಿ ಮೇಡಂ, ಮುಂಗಡ ವಾಪಸ್ ಕೊಡ್ತೀವಿ." ಆ ರಾತ್ರಿ ಇವರು ನಿದ್ದೆ ಮಾಡಿದರು. ಹಿಂದೆ ಸರಿಯುವ ದಾರಿ ತೆರೆದಿದೆ ಎಂದು ಗೊತ್ತಾದರೆ ಓಡಿಹೋಗುವ ಅವಸರ ತಗ್ಗುತ್ತದೆ.

1970ರಲ್ಲಿ ಅಮೆರಿಕದ ಸಂಶೋಧಕರಾದ ಡಾನಲಿ ಮತ್ತು ಇವಾನ್ಸೆವಿಚ್, ಕಾರು ಬುಕ್ ಮಾಡಿದವರಿಗೆ ಡೆಲಿವರಿಗೆ ಮುಂಚೆ ಎರಡು ಸಲ ಫೋನ್ ಮಾಡಿಸಿ ನೋಡಿದರು. ಫೋನ್ ಬಂದವರಲ್ಲಿ ಹಿಂದೆ ಸರಿದವರು ಕಡಿಮೆ. ಅದೇ ವರ್ಷ ಇನ್ನೊಬ್ಬ ಸಂಶೋಧಕ ಶೆಲ್ಬಿ ಹಂಟ್ ಫ್ರಿಜ್ ಕೊಂಡವರನ್ನು ನೋಡಿದಾಗ ಅಂಗಡಿಯಿಂದ ಬಂದ ಪತ್ರ ತಳಮಳ ಇಳಿಸಿತು, ಫೋನ್ ಇಳಿಸಲಿಲ್ಲ. ಶಿಕ್ಷಕಿಗೆ ಬಂದ ಎರಡು ಫೋನ್‌ಗಳನ್ನು ನೋಡಿದರೆ ಕಾರಣ ನನಗೆ ಅರ್ಥವಾಗುತ್ತದೆ. ಮತ್ತೆ ಮಾರಲು ಬಂದ ದನಿ ಕೇಳಿಸಿದರೆ ಅನುಮಾನ ಬೆಳೆಯುತ್ತದೆ, ಅಲ್ವಾ?

ಮಾಲೀಕರು ಒಪ್ಪದಿದ್ದರೆ ಬುಕಿಂಗ್ ಕ್ಯಾನ್ಸಲ್ ಮಾಡಿ ಎಂದೇ ನಾನು ಹೇಳುತ್ತಿದ್ದೆ. ಅವರು ಒಪ್ಪಿದರು. ಮುಂದಿನ ಭೇಟಿಗೆ ಶಿಕ್ಷಕಿ ಅದೇ ಗಾಡಿಯಲ್ಲಿ ಬಂದರು.